ಮೊದಲ ಆರೋಗ್ಯ ವಿಮೆ: ಆಸ್ಪತ್ರೆ ಬಿಲ್ಲಿನಲ್ಲಿ ಕಂಪನಿಯ ಪಾಲೆಷ್ಟು, ನಿಮ್ಮ ಪಾಲೆಷ್ಟು?

ಐದು ಲಕ್ಷದ ಪಾಲಿಸಿ ಇದೆ. ಆಸ್ಪತ್ರೆ ಬಿಲ್ 1,80,000 ರೂಪಾಯಿ. ಹಾಗಿದ್ದರೂ ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ 70,200 ರೂಪಾಯಿ ಕಟ್ಟಿ ಬರಬೇಕಾಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಕ್ಲೇಮ್ ತಿರಸ್ಕಾರವೂ ಆಗಿಲ್ಲ. ಕಂಪನಿಯ ಲೆಕ್ಕದಲ್ಲಿ ಅದು ಸರಿಯಾಗಿ ಇತ್ಯರ್ಥವಾದ ಕ್ಲೇಮು. ಈ 70,200 ಎಲ್ಲಿಂದ ಬಂತು ಎಂಬುದು ಅರ್ಥವಾದರೆ ಪ್ರೀಮಿಯಂ, ಕಾಯುವ ಅವಧಿ, ಕೋ-ಪೇ, ಕ್ಲೇಮ್ ಇತ್ಯರ್ಥ ಎಂಬ ಪದಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಹಾಗಾಗಿ ಒಂದೇ ಕುಟುಂಬದ ಪಾಲಿಸಿಯನ್ನು ಕೊಳ್ಳುವ ದಿನದಿಂದ ಡಿಸ್ಚಾರ್ಜ್ ದಿನದವರೆಗೆ ಹಿಂಬಾಲಿಸೋಣ.

ಕುಟುಂಬ ಕಾಲ್ಪನಿಕ. ದಾವಣಗೆರೆಯಲ್ಲಿ ಅಂಗಡಿ ಇಟ್ಟುಕೊಂಡಿರುವ ಸತೀಶನಿಗೆ 40 ವರ್ಷ, ಹೆಂಡತಿಗೆ 36, ಇಬ್ಬರು ಮಕ್ಕಳು. ಸತೀಶ ಎರಡು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ನಾಲ್ವರಿಗೂ ಸೇರಿ ಐದು ಲಕ್ಷದ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಕೊಳ್ಳುತ್ತಾನೆ. ಅಂದರೆ ವರ್ಷಕ್ಕೆ ಐದು ಲಕ್ಷ ಇಡೀ ಮನೆಗೆ, ತಲೆಗೆ ಐದು ಲಕ್ಷ ಅಲ್ಲ. ಆ ಐದು ಲಕ್ಷಕ್ಕೆ ವಿಮಾ ಮೊತ್ತ ಎನ್ನುತ್ತಾರೆ. ಪಾಲಿಸಿ 10 ಜೂನ್ 2026ರಂದು ಆರಂಭ.

ಪ್ರೀಮಿಯಂ: ಕಡಿಮೆ ಇದ್ದರೆ ಏಕೆ ಕಡಿಮೆ ಎಂದು ಕೇಳಿ

ಪ್ರೀಮಿಯಂ ಎಂದರೆ ವರ್ಷವರ್ಷ ಕಟ್ಟುವ ಹಣ. ಆಸ್ಪತ್ರೆಗೆ ಹೋಗದಿದ್ದರೆ ಅದು ವಾಪಸ್ ಬರುವುದಿಲ್ಲ. ಫ್ಲೋಟರ್‌ನಲ್ಲಿ ದರ ನಿಗದಿಯಾಗುವುದು ಸಾಮಾನ್ಯವಾಗಿ ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ. 68 ವರ್ಷದ ಅಪ್ಪನನ್ನೂ ಅದೇ ಪಾಲಿಸಿಗೆ ಸೇರಿಸಿದರೆ ಎಲ್ಲರ ಪ್ರೀಮಿಯಂ ಲೆಕ್ಕ ಅವರ ವಯಸ್ಸಿನಿಂದ ಶುರುವಾಗುತ್ತದೆ. ಜೊತೆಗೆ ಒಂದೇ ಐದು ಲಕ್ಷವನ್ನು ಅವರ ಜೊತೆ ಹಂಚಿಕೊಳ್ಳಬೇಕು. ತಂದೆತಾಯಿಗೆ ಪ್ರತ್ಯೇಕ ಪಾಲಿಸಿ ಮಾಡುವುದೇ ಬಹುತೇಕ ಮನೆಗಳಿಗೆ ಒಳ್ಳೆಯದು.

ವಯಸ್ಸಿನ ಜೊತೆ ಊರೂ ಲೆಕ್ಕಕ್ಕೆ ಬರುತ್ತದೆ. ಹಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿವೆ. ಬೆಂಗಳೂರಿನ ವಿಳಾಸಕ್ಕೆ ಒಂದು ದರ, ದಾವಣಗೆರೆ ವಿಳಾಸಕ್ಕೆ ಅದಕ್ಕಿಂತ ಕಡಿಮೆ ದರ. ಇಲ್ಲಿ ಒಂದು ಸಣ್ಣ ಷರತ್ತು ಅಡಗಿರಬಹುದು: ಕಡಿಮೆ ದರದ ವಲಯದಲ್ಲಿ ಪಾಲಿಸಿ ಮಾಡಿಸಿ ಬೆಂಗಳೂರಿನ ಆಸ್ಪತ್ರೆಗೆ ಸೇರಿದರೆ ಬಿಲ್ಲಿನ ಒಂದು ಪಾಲು ನೀವೇ ಕಟ್ಟಬೇಕು. ದೊಡ್ಡ ಆಪರೇಷನ್ ಎಂದರೆ ಬೆಂಗಳೂರು, ಮಣಿಪಾಲ ಅಂತ ಹೊರಡುವ ಜಿಲ್ಲೆಗಳವರು ಈ ಷರತ್ತು ಇದೆಯೋ ಇಲ್ಲವೋ ಎಂದು ಮೊದಲೇ ನೋಡಬೇಕು. ಕೆಲವು ಪಾಲಿಸಿಗಳಲ್ಲಿ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿ ಅದನ್ನು ತೆಗೆಸಿಕೊಳ್ಳಲು ಅವಕಾಶ ಇರುತ್ತದೆ.

ತೆರಿಗೆಯ ವಿಷಯ ಎರಡೇ ಮಾತು. 22 ಸೆಪ್ಟೆಂಬರ್ 2025ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. ಪ್ರೀಮಿಯಂಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ, ಅದೂ ಪ್ರೀಮಿಯಂ ನಗದಾಗಿ ಕಟ್ಟಿರಬಾರದು.

ಎರಡು ಕಂಪನಿಗಳ ದರದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಕಡಿಮೆ ಇರುವುದರಲ್ಲಿ ಏನೋ ಕತ್ತರಿಸಿದ್ದಾರೆ ಎಂದೇ ಅರ್ಥ. ರೂಂ ಬಾಡಿಗೆಗೆ ಮಿತಿ ಇರಬಹುದು, ಒಪ್ಪಿಗೆಯಾದ ಹಣದಲ್ಲೂ ಒಂದು ಪಾಲು ನೀವೇ ಕಟ್ಟುವ ಕೋ-ಪೇ ಇರಬಹುದು, ಕಾಯುವ ಅವಧಿ ಉದ್ದ ಇರಬಹುದು. ಸತೀಶ ಆರಿಸಿದ್ದು ಅಂಥದ್ದೇ ಪಾಲಿಸಿ. ದಿನದ ರೂಂ ಬಾಡಿಗೆಗೆ ವಿಮಾ ಮೊತ್ತದ ಶೇ. 1 ಮಿತಿ, ಎಲ್ಲಾ ಕ್ಲೇಮುಗಳ ಮೇಲೆ ಶೇ. 10 ಕೋ-ಪೇ. ಇವು ಮುಂದೆ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತವೆ.

ಅರ್ಜಿ ತುಂಬುವ ಆ ಹತ್ತು ನಿಮಿಷ

ಕ್ಲೇಮ್ ಹಾಳಾಗುವುದು ಆಸ್ಪತ್ರೆಯಲ್ಲಲ್ಲ, ಹೆಚ್ಚಿನ ಸಲ ಅರ್ಜಿ ತುಂಬುವಾಗಲೇ. ಪ್ರಪೋಸಲ್ ಫಾರಂನಲ್ಲಿ ಬಿಪಿ, ಶುಗರ್, ಥೈರಾಯ್ಡ್, ಅಸ್ತಮಾ, ಹಿಂದೆ ಆದ ಆಪರೇಷನ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಎಲ್ಲಕ್ಕೂ ಹೌದು-ಇಲ್ಲ ಎಂಬ ಪ್ರಶ್ನೆ ಇರುತ್ತದೆ. ಏಜೆಂಟರು ಅಥವಾ ಫೋನಿನಲ್ಲಿ ಮಾತಾಡುವವರು ಎಷ್ಟೋ ಸಲ ತಾವೇ ಎಲ್ಲಕ್ಕೂ 'ಇಲ್ಲ' ಎಂದು ಒತ್ತಿಬಿಡುತ್ತಾರೆ. "ಬಿಪಿ ಈಗ ಯಾರಿಗಿಲ್ಲ ಸಾರ್, ಅದೆಲ್ಲ ಬರೆಯೋದು ಬೇಡ, ಸುಮ್ನೆ ಪ್ರೀಮಿಯಂ ಜಾಸ್ತಿಯಾಗುತ್ತೆ" ಎನ್ನುತ್ತಾರೆ. ಒಟಿಪಿ ನಿಮ್ಮ ಮೊಬೈಲಿಗೆ ಬಂದು ನೀವೇ ಹೇಳಿದ ಮೇಲೆ ಆ 'ಇಲ್ಲ' ನಿಮ್ಮದೇ ಹೇಳಿಕೆ. ಏಜೆಂಟ್ ಬರೆದದ್ದು ಎಂಬ ಮಾತು ಮುಂದೆ ನಡೆಯುವುದಿಲ್ಲ.

ಸತೀಶ ಬಿಪಿ ಇದೆ ಎಂದು ಬರೆದರೆ ಕಂಪನಿ ಮೂರರಲ್ಲಿ ಒಂದು ಮಾಡಬಹುದು: ಹಾಗೆಯೇ ಒಪ್ಪಬಹುದು, ಲೋಡಿಂಗ್ ಎಂದು ಪ್ರೀಮಿಯಂ ಏರಿಸಬಹುದು, ಇಲ್ಲವೇ ಪಾಲಿಸಿ ಕೊಡುವುದಿಲ್ಲ ಎನ್ನಬಹುದು. ಮೂರೂ ಈಗಲೇ ಗೊತ್ತಾಗುವ ವಿಷಯ. ಮುಚ್ಚಿಟ್ಟರೆ ಅದು ಗೊತ್ತಾಗುವುದು ಐಸಿಯು ಹೊರಗೆ ನಿಂತಾಗ.

ಪಾಲಿಸಿ ಕೈಸೇರಿದ ಮೇಲೆ ಅದರ ಜೊತೆ ಬರುವ ಪ್ರಪೋಸಲ್ ಫಾರಂ ನಕಲನ್ನು ತೆಗೆದು, ಪ್ರತಿ ಉತ್ತರವೂ ನೀವು ಹೇಳಿದಂತೆಯೇ ಇದೆಯೇ ಎಂದು ನೋಡಿ. ತಪ್ಪಿದ್ದರೆ ಕೂಡಲೇ ಕಂಪನಿಗೆ ಇಮೇಲ್ ಬರೆದು ತಿದ್ದಿಸಿ. ಜೊತೆಗೆ ಗ್ರಾಹಕ ಮಾಹಿತಿ ಪತ್ರ ಎಂಬ ಚಿಕ್ಕ ಕಾಗದ ಇರುತ್ತದೆ. ಕಾಯುವ ಅವಧಿ, ಮಿತಿಗಳು, ಕೋ-ಪೇ ಎಲ್ಲ ಅದರಲ್ಲಿ ಒಂದೇ ಕಡೆ ಸಿಗುತ್ತವೆ. ಕೇಳಿದರೆ ಅದನ್ನು ಕನ್ನಡದಲ್ಲಿ ಕೊಡಬೇಕೆಂದು ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮವೇ ಇದೆ, ಆದರೆ ಕೇಳಬೇಕು. ಓದಿದ ಮೇಲೆ ಪಾಲಿಸಿ ಬೇಡ ಎನಿಸಿದರೆ, ದಾಖಲೆ ಕೈಸೇರಿದ 30 ದಿನದೊಳಗೆ ಹಿಂದಿರುಗಿಸಬಹುದು. ಆಗಿರುವ ಕೆಲವು ಖರ್ಚು ಕಳೆದು ಪ್ರೀಮಿಯಂ ವಾಪಸ್ ಬರುತ್ತದೆ. ಇದಕ್ಕೆ ಫ್ರೀ ಲುಕ್ ಅವಧಿ ಎಂದು ಹೆಸರು.

ಕಾಯುವ ಅವಧಿ: ಒಂದಲ್ಲ, ಮೂರು

ಪಾಲಿಸಿ ಶುರುವಾದ ದಿನದಿಂದಲೇ ಎಲ್ಲಾ ಕಾಯಿಲೆಗೂ ಹಣ ಸಿಗುವುದಿಲ್ಲ. ಮೂರು ಗಡಿಯಾರಗಳು ಒಂದೇ ದಿನ ಶುರುವಾಗಿ ಬೇರೆಬೇರೆ ದಿನ ನಿಲ್ಲುತ್ತವೆ.

ಮೊದಲನೆಯದು 30 ದಿನ. ಸತೀಶನಿಗೆ ಇದು 9 ಜುಲೈ 2026ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಡೆಂಗಿ ಬಂದು ಆಸ್ಪತ್ರೆ ಸೇರಿದರೂ ಕ್ಲೇಮ್ ಇಲ್ಲ. ಬೈಕಿನಿಂದ ಬಿದ್ದು ಕಾಲು ಮುರಿದರೆ ಮಾತ್ರ ಮೊದಲ ದಿನದಿಂದಲೇ ಇದೆ, ಅಪಘಾತಕ್ಕೆ ಈ ಅವಧಿ ಅನ್ವಯಿಸುವುದಿಲ್ಲ.

ಎರಡನೆಯದು ಪಟ್ಟಿ ಮಾಡಿದ ಕಾಯಿಲೆಗಳಿಗೆ. ಕಣ್ಣಿನ ಪೊರೆ, ಹರ್ನಿಯಾ, ಪೈಲ್ಸ್, ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು, ಗರ್ಭಕೋಶ ತೆಗೆಯುವುದು, ಮೊಣಕಾಲು ಕೀಲು ಬದಲಾವಣೆ ಮುಂತಾದವು ಈ ಪಟ್ಟಿಯಲ್ಲಿ ಇರುತ್ತವೆ. ಇವು ನಿಧಾನವಾಗಿ ಬೆಳೆಯುವ, ಆಪರೇಷನ್ ಮುಂದೂಡಬಹುದಾದ ತೊಂದರೆಗಳು. ಇಲ್ಲದಿದ್ದರೆ ಆಪರೇಷನ್ ದಿನ ಗೊತ್ತುಮಾಡಿಕೊಂಡು ಬಂದೇ ಜನ ಪಾಲಿಸಿ ಕೊಳ್ಳುತ್ತಾರೆ ಎಂಬುದು ಕಂಪನಿಗಳ ತರ್ಕ. ಅವಧಿ ಸಾಮಾನ್ಯವಾಗಿ 24 ತಿಂಗಳು, ಕಾನೂನಿನ ಗರಿಷ್ಠ ಮಿತಿ 36 ತಿಂಗಳು. ನಿಮಗೆ ಕಾಯಿಲೆ ಮೊದಲೇ ಇತ್ತೋ ಹೊಸದಾಗಿ ಬಂತೋ ಎಂಬ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಪಟ್ಟಿಯಲ್ಲಿದ್ದರೆ ಕಾಯಬೇಕು ಅಷ್ಟೆ. ಸತೀಶನ ಪಾಲಿಸಿಯಲ್ಲಿ 24 ತಿಂಗಳು, 9 ಜೂನ್ 2028ಕ್ಕೆ ಮುಗಿಯುತ್ತದೆ.

ಮೂರನೆಯದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ. 2024ರ ನಿಯಮದಂತೆ ಗರಿಷ್ಠ 36 ತಿಂಗಳು, ಅದಕ್ಕೆ ಮೊದಲು 48 ಇತ್ತು. ಪಾಲಿಸಿಗೆ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ್ದು ಅಥವಾ ಚಿಕಿತ್ಸೆ, ಸಲಹೆ ಕೊಟ್ಟದ್ದೆಲ್ಲ 'ಮೊದಲೇ ಇದ್ದ ಕಾಯಿಲೆ'. ಸತೀಶನ ಬಿಪಿಗೆ ಇದು 9 ಜೂನ್ 2029ರವರೆಗೆ ನಡೆಯುತ್ತದೆ. ಅಷ್ಟರೊಳಗೆ ಪಾರ್ಶ್ವವಾಯು ಬಡಿದರೆ ಕಂಪನಿ ಅದನ್ನು ಬಿಪಿಗೆ ಜೋಡಿಸಿ ಕ್ಲೇಮ್ ನಿಲ್ಲಿಸುವ ಸಾಧ್ಯತೆ ಹೆಚ್ಚು, ಏಕೆಂದರೆ ಆ ಕಾಯಿಲೆಯ ನೇರ ತೊಡಕುಗಳೂ ಈ ಅವಧಿಯೊಳಗೇ ಬರುತ್ತವೆ. ಆದರೆ ಡೆಂಗಿ, ಅಪೆಂಡಿಕ್ಸ್‌ನಂಥ ಬಿಪಿಗೆ ಸಂಬಂಧವಿಲ್ಲದ ತೊಂದರೆಗಳಿಗೆ ಇದು ಅಡ್ಡಬರುವುದಿಲ್ಲ. ಬಿಪಿ ಇದ್ದವರಿಗೆ ಮೂರು ವರ್ಷ ಏನೂ ಸಿಗುವುದಿಲ್ಲ ಎಂದು ತಿಳಿದು ಪಾಲಿಸಿಯನ್ನೇ ಬಿಡುವವರಿದ್ದಾರೆ, ಅದು ತಪ್ಪು ಲೆಕ್ಕ. ಒಂದೇ ಕಾಯಿಲೆ ಎರಡೂ ಪಟ್ಟಿಯಲ್ಲಿ ಬಿದ್ದರೆ ಉದ್ದದ ಅವಧಿ ಅನ್ವಯಿಸುತ್ತದೆ.

ಗಡಿಯಾರ ಮತ್ತೆ ಸೊನ್ನೆಗೆ ಬರುವ ಸಂದರ್ಭವೂ ಇದೆ. ನವೀಕರಣದ ದಿನ ದಾಟಿದರೆ ವಾರ್ಷಿಕ ಪ್ರೀಮಿಯಂನವರಿಗೆ 30 ದಿನ, ತಿಂಗಳ ಕಂತಿನವರಿಗೆ 15 ದಿನ ಗ್ರೇಸ್ ಅವಧಿ ಇರುತ್ತದೆ. ಅದರೊಳಗೆ ಕಟ್ಟಿದರೆ ಕಳೆದ ತಿಂಗಳುಗಳು ಉಳಿಯುತ್ತವೆ, ಆದರೆ ವಾರ್ಷಿಕ ಪ್ರೀಮಿಯಂನವರಿಗೆ ನಡುವಿನ ದಿನಗಳಲ್ಲಿ ಆದ ಆಸ್ಪತ್ರೆ ಖರ್ಚಿಗೆ ಹಣವಿಲ್ಲ. ಅದನ್ನೂ ದಾಟಿದರೆ ಹೊಸ ಪಾಲಿಸಿ, ಹೊಸ 30 ದಿನ, ಹೊಸ 36 ತಿಂಗಳು. ವಿಮಾ ಮೊತ್ತವನ್ನು ಐದರಿಂದ ಹತ್ತು ಲಕ್ಷಕ್ಕೆ ಏರಿಸಿದರೆ ಏರಿಸಿದ ಐದು ಲಕ್ಷಕ್ಕೆ ಮಾತ್ರ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ. ಕಂಪನಿ ಬದಲಿಸಬೇಕೆಂದರೆ ಪಾಲಿಸಿ ಮುಗಿಯಲು 45 ದಿನ ಇರುವಾಗಲೇ ಹೊಸ ಕಂಪನಿಗೆ ಪೋರ್ಟಬಿಲಿಟಿ ಅರ್ಜಿ ಹಾಕಬೇಕು. ಆಗ ಹಳೆಯ ವಿಮಾ ಮೊತ್ತದ ಮಟ್ಟಿಗೆ ಕಾದ ತಿಂಗಳುಗಳು ನಿಮ್ಮ ಜೊತೆ ಬರುತ್ತವೆ. ಹಳೇ ಪಾಲಿಸಿ ಬಿಟ್ಟು ಸುಮ್ಮನೆ ಹೊಸದು ಕೊಂಡರೆ ಬರುವುದಿಲ್ಲ.

ಇದಲ್ಲದೆ ಮೊರಟೋರಿಯಂ ಎಂಬ ಐದು ವರ್ಷದ ಗಡುವೂ ಇದೆ. 60 ತಿಂಗಳು ಸತತವಾಗಿ ಪಾಲಿಸಿ ನಡೆದ ಮೇಲೆ, ಅರ್ಜಿಯಲ್ಲಿ ಏನೋ ಬರೆದಿರಲಿಲ್ಲ ಎಂಬ ಕಾರಣಕ್ಕೆ ಕಂಪನಿ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ವಂಚನೆ ಎಂದು ಸಾಬೀತಾದರೆ ಮಾತ್ರ ಬೇರೆ ಮಾತು. ಹಾಗೆಂದು ಐದು ವರ್ಷ ಮುಚ್ಚಿಟ್ಟು ನೋಡೋಣ ಎಂದು ಹೊರಡುವುದು ಜೂಜು.

ಬಿಲ್ಲಿನ ಮುಂದೆ ಕೂತು ಲೆಕ್ಕ

ಸೆಪ್ಟೆಂಬರ್ 2028. ಸತೀಶನಿಗೆ ಪಿತ್ತಕೋಶದಲ್ಲಿ ಕಲ್ಲು, ಲ್ಯಾಪರೊಸ್ಕೋಪಿ ಆಪರೇಷನ್ ಆಗಬೇಕು. 24 ತಿಂಗಳ ಅವಧಿ ಮುಗಿದಿದೆ, ಬಿಪಿಗೂ ಕಲ್ಲಿಗೂ ಸಂಬಂಧವಿಲ್ಲ. ಕ್ಲೇಮ್ ಒಪ್ಪಿಗೆಯಾಗುತ್ತದೆ. ಆಸ್ಪತ್ರೆಯಲ್ಲಿ ರೂಂ ಕೇಳಿದಾಗ, ಐದು ಲಕ್ಷದ ಪಾಲಿಸಿ ಇದೆಯಲ್ಲ ಎಂದು ದಿನಕ್ಕೆ 8,000 ರೂಪಾಯಿಯ ಪ್ರೈವೇಟ್ ರೂಂ ಆರಿಸಿದ. ನಾಲ್ಕು ದಿನ ಇದ್ದ. ಬಿಲ್ ಹೀಗಿದೆ:

| ಬಾಬ್ತು | ಬಿಲ್ (ರೂ.) | ಕಂಪನಿ ಒಪ್ಪಿದ್ದು (ರೂ.) |
|---|---|---|
| ರೂಂ ಬಾಡಿಗೆ, 8,000 × 4 | 32,000 | 20,000 |
| ಸರ್ಜನ್, ಅರಿವಳಿಕೆ ವೈದ್ಯರು, ಓಟಿ, ನರ್ಸಿಂಗ್ | 96,000 | 60,000 |
| ಔಷಧಿ | 28,000 | 28,000 |
| ರಕ್ತಪರೀಕ್ಷೆ, ಸ್ಕ್ಯಾನ್ | 14,000 | 14,000 |
| ಗ್ಲೌಸ್, ಮಾಸ್ಕ್, ಕಿಟ್, ರಿಜಿಸ್ಟ್ರೇಷನ್ ಇತ್ಯಾದಿ | 10,000 | 0 |
| ಒಟ್ಟು | 1,80,000 | 1,22,000 |

ಮೊದಲ ಸಾಲು ಎಲ್ಲರಿಗೂ ಅರ್ಥವಾಗುತ್ತದೆ. ಐದು ಲಕ್ಷದ ಶೇ. 1 ಎಂದರೆ ದಿನಕ್ಕೆ 5,000. ನಾಲ್ಕು ದಿನಕ್ಕೆ 20,000 ಕೊಟ್ಟರು, 12,000 ನಮ್ಮದು. ಹೆಚ್ಚಿನ ಜನ ಕಡಿತ ಇಷ್ಟೇ ಎಂದುಕೊಳ್ಳುತ್ತಾರೆ.

ಪೆಟ್ಟು ಬೀಳುವುದು ಎರಡನೇ ಸಾಲಿನಲ್ಲಿ. ರೂಂ ದುಬಾರಿಯಾದಂತೆ ಅದೇ ಸರ್ಜನ್, ಅದೇ ಓಟಿ, ಅದೇ ನರ್ಸಿಂಗ್‌ಗೂ ಆಸ್ಪತ್ರೆಗಳು ಹೆಚ್ಚು ದರ ಹಾಕುತ್ತವೆ. ಹಾಗಾಗಿ ಕಂಪನಿ, ನಿಮ್ಮ ಅರ್ಹತೆ 5,000ದ ರೂಂ, ನೀವಿದ್ದದ್ದು 8,000ದ ರೂಂ, ಆದ್ದರಿಂದ ಈ ಖರ್ಚುಗಳಿಗೂ ಎಂಟರಲ್ಲಿ ಐದು ಪಾಲು ಮಾತ್ರ ಎನ್ನುತ್ತದೆ. ಅಂದರೆ ಶೇ. 62.5. 96,000 ಆಗಿದ್ದು 60,000ಕ್ಕೆ ಇಳಿಯಿತು. 36,000 ರೂಪಾಯಿ ಒಂದೇ ಏಟಿಗೆ ಹೋಯಿತು. ಇದನ್ನು ಅನುಪಾತದ ಕಡಿತ ಎನ್ನುತ್ತಾರೆ. ಔಷಧಿ, ಪರೀಕ್ಷೆ, ಇಂಪ್ಲಾಂಟ್, ಐಸಿಯು ಖರ್ಚಿಗೆ ಈ ಕಡಿತ ಹಾಕುವಂತಿಲ್ಲ. ರೂಂ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಲ್ಲೂ ಹಾಕುವಂತಿಲ್ಲ. ಲೆಕ್ಕದ ಹಾಳೆ ಬಂದಾಗ ಔಷಧಿ ಸಾಲಿನಲ್ಲೂ ಕಡಿತ ಕಂಡರೆ ಪ್ರಶ್ನಿಸಿ.

ಕೊನೆಯ ಸಾಲಿನ ಗ್ಲೌಸ್, ಕಿಟ್, ರಿಜಿಸ್ಟ್ರೇಷನ್ ಶುಲ್ಕಗಳು ಪಾಲಿಸಿಯ 'ಕೊಡದ ವಸ್ತುಗಳ' ಪಟ್ಟಿಯಲ್ಲಿವೆ. ಕನ್ಸ್ಯೂಮಬಲ್ಸ್ ಕವರ್ ಎಂಬ ಹೆಚ್ಚುವರಿ ಸೌಲಭ್ಯ ಕೊಂಡಿದ್ದರೆ ಇದರಲ್ಲಿ ಬಹುಪಾಲು ಸಿಗುತ್ತಿತ್ತು.

ಇನ್ನು ಕೋ-ಪೇ. ಒಪ್ಪಿಗೆಯಾದ ಮೊತ್ತದಲ್ಲಿ ನಿಮ್ಮ ಶೇಕಡಾ ಪಾಲು ಇದು. ಕಡಿತಗಳೆಲ್ಲ ಮುಗಿದ ಮೇಲೆ ಉಳಿದ 1,22,000ದ ಶೇ. 10, ಅಂದರೆ 12,200 ಸತೀಶನದು. ಕಂಪನಿ ಕೊಟ್ಟದ್ದು 1,09,800. ಸತೀಶ ಕಟ್ಟಿದ್ದು 12,000, 36,000, 10,000, 12,200 ಸೇರಿ 70,200.

ಅದೇ ಆಸ್ಪತ್ರೆಯಲ್ಲಿ 5,000ದ ರೂಂ ತೆಗೆದುಕೊಂಡಿದ್ದರೆ? ಆ ದರ್ಜೆಗೆ ಸರ್ಜನ್, ಓಟಿ ಬಾಬ್ತು 80,000 ಎಂದಿಟ್ಟುಕೊಳ್ಳಿ. ಒಟ್ಟು ಬಿಲ್ 1,52,000. ಕೊಡದ ವಸ್ತುಗಳ 10,000 ಬಿಟ್ಟು 1,42,000 ಪೂರ್ತಿ ಒಪ್ಪಿಗೆ, ಅದರ ಶೇ. 10 ಕೋ-ಪೇ 14,200. ಕೈಯಿಂದ ಹೋಗುವುದು 24,200 ಮಾತ್ರ. ಒಂದು ರೂಂ ಆಯ್ಕೆಯಿಂದ 46,000 ರೂಪಾಯಿ ವ್ಯತ್ಯಾಸ. ಅಡ್ಮಿಟ್ ಆಗುವಾಗ ಇನ್ಶೂರೆನ್ಸ್ ಡೆಸ್ಕ್‌ನವರನ್ನು 'ನನ್ನ ಪಾಲಿಸಿಗೆ ಯಾವ ರೂಂ ಬರುತ್ತದೆ?' ಎಂದು ಕೇಳಲು ಎರಡು ನಿಮಿಷ ಸಾಕು.

ಕೋ-ಪೇ ಜೊತೆ ಡಿಡಕ್ಟಿಬಲ್ ಅನ್ನು ಬೆರೆಸಬೇಡಿ. ಡಿಡಕ್ಟಿಬಲ್ 50,000 ಎಂದರೆ ಮೊದಲ 50,000 ನಿಮ್ಮದು, ಅದರಾಚೆಗಿನದು ಕಂಪನಿಯದು. ನಿಮ್ಮ ಪಾಲು ಅಲ್ಲಿಗೆ ನಿಲ್ಲುತ್ತದೆ. ಕೋ-ಪೇ ಮಾತ್ರ ಬಿಲ್ ಬೆಳೆದಂತೆ ಬೆಳೆಯುತ್ತದೆ: ಒಪ್ಪಿಗೆಯಾದದ್ದು ನಾಲ್ಕು ಲಕ್ಷವಾದರೆ ಶೇ. 20 ಕೋ-ಪೇ ಎಂದರೆ 80,000. ಹಿರಿಯ ನಾಗರಿಕರ ಪಾಲಿಸಿಗಳಲ್ಲಿ ಶೇ. 20 ಕೋ-ಪೇ ಅಪರೂಪವಲ್ಲ. ಎಲ್ಲಾ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ಅದು ಶೇ. 5. ಯುವಕರಿಗೆ ಕೋ-ಪೇ ಇಲ್ಲದ, ರೂಂ ಮಿತಿ ಇಲ್ಲದ ಪಾಲಿಸಿಗಳು ಸಿಗುತ್ತವೆ. ಎರಡರಲ್ಲಿ ಒಂದನ್ನೇ ತೆಗೆಸಲು ಹಣವಿದ್ದರೆ ಮೊದಲು ರೂಂ ಮಿತಿ ತೆಗೆಸಿ. ಕೋ-ಪೇ ಎಷ್ಟು ಎಂಬುದು ಮೊದಲೇ ಗೊತ್ತಿರುತ್ತದೆ, ಅನುಪಾತದ ಕಡಿತ ಎಷ್ಟು ಎಂಬುದು ಬಿಲ್ ಬರುವವರೆಗೆ ಗೊತ್ತಾಗುವುದಿಲ್ಲ.

ಕ್ಯಾಶ್‌ಲೆಸ್ ಕ್ಲೇಮ್ ಹೆಜ್ಜೆಹೆಜ್ಜೆಯಾಗಿ

ಕ್ಯಾಶ್‌ಲೆಸ್ ಎಂದರೆ ಒಪ್ಪಿಗೆಯಾದ ಹಣವನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು. ಮೊದಲೇ ಗೊತ್ತಾದ ಆಪರೇಷನ್ ಆದರೆ ಎರಡು-ಮೂರು ದಿನ ಮುಂಚೆಯೇ ಆಸ್ಪತ್ರೆಯ ಇನ್ಶೂರೆನ್ಸ್ ಅಥವಾ ಟಿಪಿಎ ಡೆಸ್ಕ್‌ಗೆ ಹೋಗಿ. ಟಿಪಿಎ ಎಂದರೆ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಮಧ್ಯವರ್ತಿ ಸಂಸ್ಥೆ. ಪಾಲಿಸಿಯ ಇ-ಕಾರ್ಡ್, ಆಧಾರ್, ವೈದ್ಯರ ಚೀಟಿ, ಸ್ಕ್ಯಾನ್ ವರದಿ ಕೊಡಬೇಕು. ಅವರು ಪೂರ್ವಾನುಮತಿ ಅರ್ಜಿ ಕಳಿಸುತ್ತಾರೆ. ತುರ್ತಾಗಿ ಸೇರಿದ್ದರೆ 24 ಗಂಟೆಯೊಳಗೆ ಕಂಪನಿಗೆ ತಿಳಿಸಿ, ಬಹುತೇಕ ಪಾಲಿಸಿಗಳು ಕೇಳುವುದು ಇಷ್ಟೇ.

ಕೋರಿಕೆ ಬಂದ ಒಂದು ಗಂಟೆಯೊಳಗೆ ಕಂಪನಿ ಕ್ಯಾಶ್‌ಲೆಸ್ ಬಗ್ಗೆ ತೀರ್ಮಾನ ಹೇಳಬೇಕು ಎಂದು ಐಆರ್‌ಡಿಎಐ 29 ಮೇ 2024ರ ಸುತ್ತೋಲೆ ಹೇಳುತ್ತದೆ. ಮೊದಲು ಬರುವುದು ಒಂದು ಆರಂಭಿಕ ಮೊತ್ತ, ಉದಾಹರಣೆಗೆ 60,000. ಅದನ್ನು ನೋಡಿ ಗಾಬರಿಯಾಗಬೇಡಿ, ಬಿಲ್ ಬೆಳೆದಂತೆ ಆಸ್ಪತ್ರೆ ಹೆಚ್ಚುವರಿ ಅನುಮತಿ ಕೇಳುತ್ತದೆ. ಅಂತಿಮ ಮೊತ್ತ ನಿಗದಿಯಾಗುವುದು ಡಿಸ್ಚಾರ್ಜ್ ದಿನ. ಆಸ್ಪತ್ರೆ ಅಂತಿಮ ಬಿಲ್ ಕಳಿಸಿದ ಮೂರು ಗಂಟೆಯೊಳಗೆ ಕಂಪನಿ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಆದರೆ ಎಷ್ಟೋ ಸಲ ತಡವಾಗುವುದು ಆಸ್ಪತ್ರೆಯ ಬಿಲ್ಲಿಂಗ್‌ನಲ್ಲೇ. ಬಿಲ್ ಕಂಪನಿಗೆ ಕಳಿಸಿದ ಸಮಯ ಯಾವುದು ಎಂದು ಡೆಸ್ಕಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ, ಮೂರು ಗಂಟೆಯ ಲೆಕ್ಕ ಅಲ್ಲಿಂದ ಶುರು.

ಒಂದು ಸಾಲಿನ ಮೇಲೆ ವಿಶೇಷ ಕಣ್ಣಿಡಿ. ಅಡ್ಮಿಟ್ ಆಗುವಾಗ ಡ್ಯೂಟಿ ಡಾಕ್ಟರ್ "ಬಿಪಿ, ಶುಗರ್ ಇದೆಯಾ? ಎಷ್ಟು ವರ್ಷದಿಂದ?" ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಗಾಬರಿಯಲ್ಲಿರುವ ಮನೆಯವರು "ಏಳೆಂಟು ವರ್ಷ ಆಯ್ತೇನೋ" ಎಂದುಬಿಡುತ್ತಾರೆ. ಪಾಲಿಸಿ ಅರ್ಜಿಯಲ್ಲಿ ಸತೀಶ ಎರಡು ವರ್ಷ ಎಂದು ಬರೆದಿದ್ದ. ಪಾಲಿಸಿಗೆ ಈಗ ಎರಡು ವರ್ಷ ಮೂರು ತಿಂಗಳು. ಸರಿಯಾದ ಉತ್ತರ ನಾಲ್ಕೂಕಾಲು ವರ್ಷ. ಎಂಟು ವರ್ಷ ಎಂದು ಬರೆದರೆ ಕಂಪನಿಯಿಂದ ತಕ್ಷಣ ಕ್ವೆರಿ ಬರುತ್ತದೆ: ಮೊದಲ ಚಿಕಿತ್ಸೆಯ ದಾಖಲೆ ಕೊಡಿ, ಯಾಕೆ ಸರಿಯಾಗಿ ತಿಳಿಸಲಿಲ್ಲ ಎಂದು. ಹಾಗಾಗಿ ಬಿಪಿ ಗುರುತಿಸಿದ ಮೊದಲ ಚೀಟಿಯ ಫೋಟೊ ಮೊಬೈಲಿನಲ್ಲಿ ಇರಲಿ, ಮನೆಯವರಿಗೂ ಇಸವಿ ಗೊತ್ತಿರಲಿ. ಡಿಸ್ಚಾರ್ಜ್ ಸಮರಿಯಲ್ಲಿ ತಪ್ಪು ಕಂಡರೆ ಆಸ್ಪತ್ರೆ ಬಿಡುವ ಮುನ್ನವೇ ವೈದ್ಯರಿಂದ ತಿದ್ದಿಸಿ ಸಹಿ ಹಾಕಿಸಿ.

ಕ್ಯಾಶ್‌ಲೆಸ್ ನಿರಾಕರಿಸಿದರೆ ಕ್ಲೇಮೇ ತಿರಸ್ಕಾರವಾಯಿತು ಎಂದಲ್ಲ. ಎಷ್ಟೋ ಸಲ ಅದರರ್ಥ ಈಗಿರುವ ಕಾಗದಗಳಲ್ಲಿ ತೀರ್ಮಾನಿಸಲು ಆಗುವುದಿಲ್ಲ ಎಂದಷ್ಟೆ. ಹಣ ಕಟ್ಟಿ ಚಿಕಿತ್ಸೆ ಮುಗಿಸಿ, ಆಮೇಲೆ ಮರುಪಾವತಿಗೆ ಹಾಕಬಹುದು. ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿದರೂ ಸಾಮಾನ್ಯವಾಗಿ ಇದೇ ದಾರಿ. ಬೇಕಾಗುವ ಕಾಗದಗಳು: ಡಿಸ್ಚಾರ್ಜ್ ಸಮರಿ, ಬಾಬ್ತುವಾರು ಅಂತಿಮ ಬಿಲ್, ಹಣ ಕಟ್ಟಿದ ರಸೀದಿ, ಔಷಧಿ ಬಿಲ್ ಮತ್ತು ಅದಕ್ಕೆ ತಕ್ಕ ವೈದ್ಯರ ಚೀಟಿ, ಪರೀಕ್ಷೆಯ ವರದಿಗಳು, ರದ್ದು ಮಾಡಿದ ಚೆಕ್. ಸ್ಟೆಂಟ್, ಕೃತಕ ಕೀಲು ಹಾಕಿದ್ದರೆ ಅದರ ಸ್ಟಿಕರ್. ಅಪಘಾತವಾದರೆ ಪೊಲೀಸರಿಗೆಂದು ಆಸ್ಪತ್ರೆ ಬರೆಯುವ ಎಂಎಲ್‌ಸಿ ದಾಖಲೆ ಅಥವಾ ಎಫ್‌ಐಆರ್ ಪ್ರತಿ. ಮೂಲ ಕಾಗದ ಕೊಡುವ ಮುನ್ನ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಎಷ್ಟು ದಿನದೊಳಗೆ ಕಳಿಸಬೇಕು ಎಂಬುದು ಪಾಲಿಸಿಯಲ್ಲಿದೆ, ಹೆಚ್ಚಾಗಿ 15ರಿಂದ 30 ದಿನ. ಆಸ್ಪತ್ರೆಗೆ ಸೇರುವ ಮುಂಚಿನ ಸ್ಕ್ಯಾನ್, ಬಿಟ್ಟ ಮೇಲಿನ ಮಾತ್ರೆಗಳಿಗೂ ಹಣ ಸಿಗುತ್ತದೆ, ಹಲವು ಪಾಲಿಸಿಗಳಲ್ಲಿ ಮುಂಚಿನ 30 ದಿನ, ನಂತರದ 60 ದಿನ. ಕ್ಯಾಶ್‌ಲೆಸ್ ಆದವರು ಈ ಬಿಲ್ಲುಗಳನ್ನು ಪ್ರತ್ಯೇಕವಾಗಿ ಹಾಕಬೇಕು, ಬಹಳ ಜನ ಇದನ್ನು ಬಿಟ್ಟೇಬಿಡುತ್ತಾರೆ.

ಶೇ. 95 ಇತ್ಯರ್ಥ ಎಂಬ ಜಾಹೀರಾತು

ಕ್ಲೇಮ್ ಇತ್ಯರ್ಥ ಅನುಪಾತ ಎಂದರೆ ನೂರು ಕ್ಲೇಮ್ ಬಂದರೆ ಎಷ್ಟಕ್ಕೆ ಹಣ ಕೊಟ್ಟರು ಎಂಬ ಲೆಕ್ಕ. ಅದು ಎಣಿಸುವುದು ಕ್ಲೇಮುಗಳನ್ನು, ರೂಪಾಯಿಗಳನ್ನಲ್ಲ. ಮೇಲೆ ಕಂಡ ಸತೀಶನ ಕ್ಲೇಮ್ ನೆನಪಿಸಿಕೊಳ್ಳಿ. 1,80,000ಕ್ಕೆ 1,09,800 ಸಿಕ್ಕಿತು, ಬಿಲ್ಲಿನ ಶೇ. 61 ಮಾತ್ರ. ಆದರೂ ಈ ಅನುಪಾತದಲ್ಲಿ ಅದು ಪೂರ್ತಿ ಒಂದು 'ಇತ್ಯರ್ಥ'. ಹಾಗಾಗಿ ಈ ಅಂಕಿ ಒಂದನ್ನೇ ನೋಡಿ ಕಂಪನಿ ಆರಿಸಬೇಡಿ. ಕೇಳಿದ ಮೊತ್ತಕ್ಕೆ ಕೊಟ್ಟ ಮೊತ್ತ ಎಷ್ಟು ಎಂಬುದನ್ನೂ ನೋಡಿ. ಐಆರ್‌ಡಿಎಐ ವಾರ್ಷಿಕ ವರದಿಯಲ್ಲೂ ಕಂಪನಿಗಳ ವೆಬ್‌ಸೈಟಿನ ಸಾರ್ವಜನಿಕ ಮಾಹಿತಿ ಪುಟದಲ್ಲೂ ಕ್ಲೇಮ್ ಅಂಕಿಅಂಶ ಇರುತ್ತದೆ.

ಇನ್ಕರ್ಡ್ ಕ್ಲೇಮ್ ಅನುಪಾತ ಎಂಬ ಇನ್ನೊಂದು ಅಂಕಿ ಇದೆ. ಬಂದ ಪ್ರೀಮಿಯಂನಲ್ಲಿ ಕ್ಲೇಮಿಗೆ ಹೋದದ್ದೆಷ್ಟು ಎಂದು ಅದು ಹೇಳುತ್ತದೆ. ತೀರಾ ಕಡಿಮೆ ಇದ್ದರೆ ಗ್ರಾಹಕರಿಗೆ ಹೋಗುತ್ತಿರುವ ಪಾಲು ಚಿಕ್ಕದು. ವರ್ಷವರ್ಷವೂ ಶೇ. 100 ದಾಟುತ್ತಿದ್ದರೆ ಮುಂದೆ ಪ್ರೀಮಿಯಂ ಏರುವ ಸಾಧ್ಯತೆ ಹೆಚ್ಚು. ಒಂದು ವರ್ಷದ ಬದಲು ಮೂರು ವರ್ಷ ಒಟ್ಟಿಗೆ ನೋಡಿ.

ಕ್ಲೇಮ್ ತಿರಸ್ಕರಿಸಿದರೆ

ತಿರಸ್ಕಾರ ಪತ್ರದಲ್ಲಿ ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಎಂದು ಬರೆದಿರಲೇಬೇಕು. ಕಂಪನಿಯೊಳಗಿನ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಪತ್ರ ಹಿಡಿದು ಆ ಷರತ್ತನ್ನು ಪಾಲಿಸಿಯಲ್ಲಿ ಹುಡುಕಿ ಓದಿ. ಪದೇಪದೇ ಕಾಣುವ ಕಾರಣಗಳು ನಾಲ್ಕಾರು: ಕಾಯುವ ಅವಧಿ ಮುಗಿದಿಲ್ಲ, ಕಾಯಿಲೆ ತಿಳಿಸಿರಲಿಲ್ಲ, 24 ಗಂಟೆ ಒಳರೋಗಿಯಾಗಿರಲಿಲ್ಲ, ಬರೀ ಪರೀಕ್ಷೆಗೆಂದು ಸೇರಿದ್ದರು, ಮಾತ್ರೆಯಲ್ಲೇ ವಾಸಿಯಾಗುವುದಕ್ಕೆ ಅಡ್ಮಿಟ್ ಅಗತ್ಯವಿರಲಿಲ್ಲ. ಕೊನೆಯ ಎರಡಕ್ಕೆ, ಯಾಕೆ ಅಡ್ಮಿಟ್ ಮಾಡಬೇಕಾಯಿತು ಎಂದು ಚಿಕಿತ್ಸೆ ಕೊಟ್ಟ ವೈದ್ಯರಿಂದ ಜ್ವರ, ಬಿಪಿ, ಪ್ಲೇಟ್‌ಲೆಟ್ ಅಂಕಿಗಳ ಸಮೇತ ಪತ್ರ ಬರೆಸಿ ಕಳಿಸಿದರೆ ಎಷ್ಟೋ ಸಲ ತೀರ್ಮಾನ ಬದಲಾಗುತ್ತದೆ.

ಮೊದಲ ಲಿಖಿತ ದೂರು ಕಂಪನಿಯ ಗ್ರೀವನ್ಸ್ ಅಧಿಕಾರಿಗೆ, ಇಮೇಲಿನಲ್ಲಿ. ಪ್ರತಿಕ್ರಿಯೆ ಸರಿಯಾಗಿ ಬಾರದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ (bimabharosa.irdai.gov.in) ಅಥವಾ 155255ಕ್ಕೆ ಕರೆಮಾಡಿ ದೂರು ದಾಖಲಿಸಿ. ಆದರೆ ಅಲ್ಲಿ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ತೀರ್ಪು ಬೇಕಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬೇಕು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ, ಆನ್‌ಲೈನಿನಲ್ಲಿ cioins.co.in ಮೂಲಕವೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು. ಕಂಪನಿ ಅದನ್ನು ತಳ್ಳಿಹಾಕಿರಬೇಕು, ಉತ್ತರ ಸಮಾಧಾನ ತಂದಿರಬಾರದು ಅಥವಾ ಒಂದು ತಿಂಗಳು ಉತ್ತರವೇ ಬಂದಿರಬಾರದು. ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅದೇ ವಿಷಯಕ್ಕೆ ಗ್ರಾಹಕ ನ್ಯಾಯಾಲಯದಲ್ಲಿ ಕೇಸ್ ಇದ್ದರೆ ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಇಲ್ಲಿಗೆ ಬನ್ನಿ, ತೀರ್ಪು ಒಪ್ಪಿಗೆಯಾಗದಿದ್ದರೆ ಗ್ರಾಹಕ ನ್ಯಾಯಾಲಯದ ದಾರಿ ನಿಮಗೆ ಆಮೇಲೂ ತೆರೆದೇ ಇರುತ್ತದೆ.